ಮೂಲಿ, ಮೂಲಗೇಣಿ, ಮಂಜೂರಾತಿ: ಬೀಗ ಮೂರು ತರ, ಕೀಲಿಕೈ ಯಾರ ಹತ್ತಿರ?



ಇದು ಸ್ವಲ್ಪ ಉದ್ದದ ಬರಹ. ಪುರುಸೊತ್ತಿನಲ್ಲಿ ಓದಿ. ಮಂಗಳೂರು ಸಿಟಿಯೊಳಗೆ ಐದು ಸೆಂಟ್ಸೋ ಮೂರು ಸೆಂಟ್ಸೋ ಜಾಗ ಇರುವ ನಮ್ಮವರು ಇದನ್ನು ಓದಲೇಬೇಕು ಅಂತ ಬರೀತಾ ಇದ್ದೇನೆ.

ನಮ್ಮ ಓಣಿಯ ಅಕ್ಕ ಒಬ್ಬರು ಮನೆ ಮಾರಲಿಕ್ಕೆ ಹೊರಟರು. ಹೆಸರು ಬೇಡ. ಅವರ ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. 1979ರಲ್ಲಿ ಕೂಡಿಟ್ಟ ದುಡ್ಡೆಲ್ಲ ಹಾಕಿ ಐದು ಸೆಂಟ್ಸ್ ಜಾಗ ತೆಗೆದುಕೊಂಡಿದ್ದರು. ಈಗ ಅಕ್ಕನ ಗಂಡನಿಗೆ ಡಯಾಲಿಸಿಸ್. ವಾರಕ್ಕೆ ಎರಡು ಸಲ ಆಸ್ಪತ್ರೆ, ಬಡ್ಡಿಗೆ ತಂದ ಸಾಲ, ಮಗನದ್ದು ದಿನಗೂಲಿ. ಮನೆ ಮಾರಿ ಸಾಲ ತೀರಿಸಿ, ಊರಿನ ಹೊರಗೆ ಸಣ್ಣದೊಂದು ಮನೆ ಮಾಡುವ ಲೆಕ್ಕಾಚಾರ. ಪಕ್ಕದ ಜಾಗ ಸೆಂಟ್ಸಿಗೆ ಎಂಟು ಲಕ್ಷಕ್ಕೆ ಹೋಗಿತ್ತು. ಹಾಗಾದರೆ ಐದು ಸೆಂಟ್ಸಿಗೆ ನಲವತ್ತು ಲಕ್ಷ ಅಂತ ಅಕ್ಕ ಮನಸ್ಸಲ್ಲೇ ಲೆಕ್ಕ ಹಾಕಿ ಆಗಿತ್ತು.

ಗಿರಾಕಿ ಬಂದ. ಮನೆ ನೋಡಿದ, ಬಾವಿ ನೋಡಿದ, ಒಪ್ಪಿದ. ಬ್ಯಾಂಕ್ ಸಾಲಕ್ಕೆ ಕಾಗದ ಕೊಟ್ಟ. ಹದಿನೈದು ದಿನದಲ್ಲಿ ಬ್ಯಾಂಕಿನ ವಕೀಲರು ಫೈಲು ವಾಪಸ್ ಕಳಿಸಿದರು. ಒಂದೇ ಸಾಲಿನ ಕಾರಣ: ‘ಇದು ಮೂಲಗೇಣಿ ಹಕ್ಕು, ಮೂಲಿದಾರರ ಒಪ್ಪಿಗೆ ಇಲ್ಲ.’

ಅಕ್ಕ ನನ್ನ ಹತ್ತಿರ ಬಂದು, ‘ತಮ್ಮಾ, ನಲವತ್ತು ವರ್ಷ ಮನೆ ತೆರಿಗೆ ಕಟ್ಟಿದ್ದು ನಾವು. ರಿಜಿಸ್ಟ್ರಿ ಆಗಿದೆ. ಮತ್ತೆ ಯಾರ ಒಪ್ಪಿಗೆ ಮಾರಾಯ?’ ಅಂದರು. ನಾನು ಆಫೀಸಲ್ಲಿ ಫೈಲು ಓದಿಯೇ ಹೊಟ್ಟೆ ಹೊರೆಯುವವನು. ‘ಕಾಗದ ಎಲ್ಲ ತನ್ನಿ ಅಕ್ಕ, ಕೂತು ನೋಡುವ’ ಅಂದೆ.

ನೋಡಿದಾಗ ಗೊತ್ತಾಯ್ತು. ಅಕ್ಕನ ಅಪ್ಪ 1979ರಲ್ಲಿ ನೆಲ ಕೊಂಡದ್ದಲ್ಲ. ಹಿಂದಿನ ಮೂಲಗೇಣಿದಾರನ ಹತ್ತಿರ ಇದ್ದ ಗೇಣಿಯ ಹಕ್ಕನ್ನು ಕೊಂಡದ್ದು. ಆ ಗೇಣಿ ಹುಟ್ಟಿದ್ದು 1931ರ ಒಂದು ಮೂಲಗೇಣಿ ಚೀಟಿನಲ್ಲಿ. ವರ್ಷಕ್ಕೆ ಆರು ರೂಪಾಯಿ ಗೇಣಿ. ಆಗ ಅದು ದೊಡ್ಡ ಮೊತ್ತ. ಈಗ ಒಂದು ಚಾಗೂ ಸಾಲದು. ಆದರೆ ಆ ಆರು ರೂಪಾಯಿಯ ಕಾಗದದಲ್ಲಿಯೇ ಎಂಟು-ಹತ್ತು ಲಕ್ಷದ ತಕರಾರು ಕೂತಿತ್ತು.

ಹೊರಗಿನ ಗೆಳೆಯರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ದಕ್ಷಿಣ ಕನ್ನಡ, ಉಡುಪಿಯಲ್ಲಿ ಜಾಗಕ್ಕೆ ಎರಡು ಪದರ ಇರುತ್ತದೆ. ಕೆಳಗಿನ ಪದರ ಮೂಲಿ ಹಕ್ಕು, ಅಂದರೆ ಪೂರ್ತಿ ಒಡೆತನ. ಮೇಲಿನ ಪದರ ಮೂಲಗೇಣಿ, ಅಂದರೆ ಕಾಯಂ ಗೇಣಿ. ಇದು ಚಾಲಗೇಣಿಯ ಹಾಗೆ ಧಣಿ ಬೇಡ ಅಂದ ದಿನ ಹೋಗುವ ಗೇಣಿ ಅಲ್ಲ. ವಾಯಿದೆ ಗೇಣಿಯ ಹಾಗೆ ಇಷ್ಟು ವರ್ಷಕ್ಕೆ ಮುಗಿಯುವುದೂ ಅಲ್ಲ. ಅಪ್ಪನಿಂದ ಮಗನಿಗೆ, ಮಗಳಿಗೆ ಬರುತ್ತದೆ. ಗೇಣಿ ಏರುವುದಿಲ್ಲ. ಮನೆ ಕಟ್ಟಬಹುದು, ತೆಂಗು ನೆಡಬಹುದು. ವಾಸ ಮಾಡುವವನಿಗೆ ಮೂಲಿಗೂ ಮೂಲಗೇಣಿಗೂ ದಿನನಿತ್ಯ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮಾರುವ ದಿನ.

ಯಾಕೆ ಅಂದರೆ ಕಾನೂನು ಈ ಎರಡನ್ನೂ ಮಾರುವ ವಿಷಯದಲ್ಲಿಯೇ ಬೇರೆ ಬೇರೆ ನೋಡುತ್ತದೆ. 1882ರ ಆಸ್ತಿ ಹಸ್ತಾಂತರ ಕಾಯ್ದೆಯ 10ನೇ ಕಲಂ ಓದಿ. ಒಬ್ಬ ನಿಮಗೆ ಜಾಗವನ್ನು ಪೂರ್ತಿ ಮಾರಿ, ‘ಮುಂದೆ ನೀನು ಇದನ್ನು ಯಾರಿಗೂ ಮಾರಕೂಡದು’ ಅಂತ ಷರತ್ತು ಬರೆದರೆ ಆ ಷರತ್ತಿಗೆ ಬೆಲೆ ಇಲ್ಲ. ಅದು ಸತ್ತ ಷರತ್ತು. ಆದರೆ ಅದೇ ಕಲಂ ಗೇಣಿಗೆ ವಿನಾಯಿತಿ ಕೊಡುತ್ತದೆ. ಗೇಣಿಗೆ ಕೊಟ್ಟವನ ಹಿತಕ್ಕಾಗಿ ‘ನನ್ನ ಒಪ್ಪಿಗೆ ಇಲ್ಲದೆ ಮಾರಕೂಡದು’ ಅಂತ ಬರೆದರೆ ಅದು ಜೀವ ಇರುವ ಷರತ್ತು. ನೂರು ವರ್ಷ ಆದರೂ ಜೀವ ಇರುತ್ತದೆ.

ಹಾಗಂತ ಎಲ್ಲಾ ಮೂಲಗೇಣಿಗೂ ಒಪ್ಪಿಗೆ ಬೇಕು ಅಂತ ಇಲ್ಲ. ಚೀಟಿನಲ್ಲಿ ಮಾರಬಾರದು ಅಂತ ಬರೆಯದೇ ಇದ್ದರೆ ಗೇಣಿದಾರ ತನ್ನ ಹಕ್ಕನ್ನು ಮಾರಬಹುದು. ಅದೇ ಕಾಯ್ದೆಯ 108ನೇ ಕಲಮಿನಲ್ಲಿ ಅದು ಉಂಟು. ಆದ್ದರಿಂದ ಮೊದಲ ಕೆಲಸ ಬ್ರೋಕರ್ ಹತ್ತಿರ ಹೋಗುವುದಲ್ಲ, ಮೂಲ ಚೀಟನ್ನು ಓದುವುದು. ನಮ್ಮ ಹತ್ತಿರ ಇದ್ದದ್ದು 1979ರ ಪತ್ರ ಮಾತ್ರ. ಅದರಲ್ಲಿ ಹಳೆ ಚೀಟಿನ ನಂಬ್ರ ಮತ್ತು ವರ್ಷ ನಮೂದಿಸಿದ್ದರು. ಆ ನಂಬ್ರ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿದೆವು. ಆನ್‌ಲೈನಿನಲ್ಲಿ ಸಿಗುವ ಋಣಭಾರ ಪತ್ರ 2004ರಿಂದ ಈಚೆಗಿನದ್ದು. ಅದರಲ್ಲಿ ಏನೂ ಕಾಣಲಿಲ್ಲ ಅಂತ ನಿಶ್ಚಿಂತೆ ಮಾಡಬೇಡಿ. 1931 ಅದರೊಳಗೆ ಬರುವುದಿಲ್ಲ.

ನಕಲು ಬಂತು. ಮೋಡಿ ಹಾಗಿನ ಕೈಬರಹ. ಹಳೆ ದಸ್ತಾವೇಜು ಬರಹಗಾರರೊಬ್ಬರನ್ನು ಕೂರಿಸಿಕೊಂಡು ಓದಿಸಿದೆವು. ಅದರಲ್ಲಿ ಎರಡು ಮಾತು ಮುಖ್ಯ. ಒಂದು, ಮೂಲಿದಾರರ ಲಿಖಿತ ಒಪ್ಪಿಗೆ ಇಲ್ಲದೆ ಪರಭಾರೆ ಮಾಡಕೂಡದು. ಎರಡು, ಮಾಡಿದರೆ ಗೇಣಿ ರದ್ದಾಗಿ ಜಾಗವನ್ನು ಮೂಲಿದಾರರು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು.

ಈ ಎರಡನೇ ಮಾತು ಇದೆಯೋ ಇಲ್ಲವೋ ಅನ್ನುವುದನ್ನು ಬೆರಳಿಟ್ಟು ಹುಡುಕಬೇಕು. ಮಾರಬಾರದು ಅಂತ ಮಾತ್ರ ಇದ್ದು, ಮಾರಿದರೆ ಜಾಗ ವಾಪಸ್ ಅಂತ ಇಲ್ಲದಿದ್ದರೆ ಧಣಿ ನಷ್ಟ ಕೇಳಬಹುದೇ ಹೊರತು ಗೇಣಿ ಕಳಚುವುದು ಕಷ್ಟ. ಎರಡೂ ಇದ್ದರೆ ಅಪಾಯ. ಗೇಣಿ ಬಾಕಿ ಆದದ್ದಕ್ಕೆ ಧಣಿ ಬಿಡಿಸಲು ಬಂದರೆ, ಬಾಕಿ, ಬಡ್ಡಿ, ಖರ್ಚು ಕಟ್ಟುತ್ತೇನೆ ಅಂದರೆ ಕೋರ್ಟು ಗೇಣಿ ಉಳಿಸಿಕೊಡಬಹುದು. ಬೇರೆ ಷರತ್ತು ಮುರಿದರೆ ಸರಿಪಡಿಸಲಿಕ್ಕೆ ನೋಟೀಸು ಕೊಟ್ಟು ಅವಕಾಶ ಕೊಡಬೇಕು. ಆದರೆ ಒಪ್ಪಿಗೆ ಇಲ್ಲದೆ ಮಾರಿದ ತಪ್ಪಿಗೆ ಆ ಎರಡನೇ ಅವಕಾಶವನ್ನು 114ಎ ಕಲಂ ಕೊಡುವುದಿಲ್ಲ. ಬ್ಯಾಂಕಿನ ವಕೀಲರು ಹೆದರಿದ್ದು ಇದಕ್ಕೇ. ಇಪ್ಪತ್ತು ವರ್ಷದ ಸಾಲ ಕೊಟ್ಟು, ನಡುವೆ ಮೂಲಿದಾರ ಕೋರ್ಟಿಗೆ ಹೋಗಿ ಜಾಗವೇ ಕೈತಪ್ಪಿದರೆ ಬ್ಯಾಂಕಿಗೆ ಏನು ಉಳಿಯುತ್ತದೆ?

ಸರಿ, ಮೂಲಿದಾರರ ಮನೆಗೆ ಹೋದೆವು. 1931ರಲ್ಲಿ ಚೀಟು ಕೊಟ್ಟವರ ಮೊಮ್ಮಗ. ಅಕ್ಕ ಜಗಲಿಯ ಕೆಳಗೇ ನಿಂತರು. ಅರವತ್ತು ದಾಟಿದ ಹೆಂಗಸು, ಸ್ವಂತ ದುಡಿಮೆಯ ಮನೆ ಇರುವವರು, ಆದರೂ ಆ ಮೆಟ್ಟಿಲು ಹತ್ತಲಿಕ್ಕೆ ಕಾಲು ಬರಲಿಲ್ಲ. ನಾನು ಕೈ ಹಿಡಿದು ‘ಬನ್ನಿ ಅಕ್ಕ’ ಅಂತ ಹತ್ತಿಸಿ ಕುರ್ಚಿಯಲ್ಲಿ ಕೂರಿಸಿದೆ. ಅವರು ಚೀಟಿನ ಪ್ರತಿ ತೆಗೆದು, ‘ನಿಮ್ಮ ಅಪ್ಪ ಕೊಂಡಾಗಲೇ ನಮ್ಮ ಒಪ್ಪಿಗೆ ಇಲ್ಲ. ಕಾನೂನು ಪ್ರಕಾರ ನಿಮಗೆ ಏನೂ ಇಲ್ಲ. ನಿಮ್ಮವರು ಅಂತ ಇಷ್ಟು ದಿನ ಸುಮ್ಮನಿದ್ದೇವೆ. ಮಾರುವ ಹಣದಲ್ಲಿ ಅರ್ಧ ಕೊಡಿ, ಸಹಿ ಹಾಕುತ್ತೇನೆ’ ಅಂದರು.

ಅರ್ಧ! ಅಕ್ಕನ ಕಣ್ಣಲ್ಲಿ ನೀರು. ನಾನು ಒಂದೇ ಪ್ರಶ್ನೆ ಕೇಳಿದೆ: ‘1979ರ ಮೇಲೆ ಗೇಣಿ ಯಾರ ಕೈಯಿಂದ ತೆಗೆದುಕೊಂಡಿದ್ದೀರಿ?’ ಅವರು ಮಾತಾಡಲಿಲ್ಲ.

ಅಕ್ಕನ ಅಪ್ಪ ಅಕ್ಷರ ಕಲಿತವರಲ್ಲ, ಆದರೆ ಕಾಗದದ ಬೆಲೆ ಗೊತ್ತಿದ್ದವರು. ವರ್ಷ ವರ್ಷ ಆರು ರೂಪಾಯಿ ಮನಿ ಆರ್ಡರ್ ಮಾಡಿ, ಧಣಿಗಳ ಮನೆಯವರು ಸಹಿ ಹಾಕಿದ ಸ್ವೀಕೃತಿ ಚೀಟಿಗಳನ್ನು ಬಿಸ್ಕತ್ತು ಡಬ್ಬದಲ್ಲಿ ಇಟ್ಟಿದ್ದರು. ಕಳಿಸಿದವರ ಜಾಗದಲ್ಲಿ ಅಪ್ಪನ ಹೆಸರು, ಕೆಳಗೆ ‘ಮೂಲಗೇಣಿ ಬಾಬ್ತು’ ಅಂತ ಪೋಸ್ಟ್‌ಮ್ಯಾನ್ ಹತ್ತಿರ ಬರೆಸಿದ್ದು. ಇಪ್ಪತ್ತಕ್ಕೂ ಹೆಚ್ಚು ಚೀಟಿ ಸಿಕ್ಕಿತು. ಷರತ್ತು ಮುರಿದದ್ದು ಗೊತ್ತಿದ್ದೂ ಆ ಮೇಲಿನ ಗೇಣಿಯನ್ನು ಧಣಿ ತೆಗೆದುಕೊಂಡರೆ, ಆ ತಪ್ಪನ್ನು ಬಿಟ್ಟುಕೊಟ್ಟ ಹಾಗೆ ಅಂತ 112ನೇ ಕಲಂ ಹೇಳುತ್ತದೆ. ಕೇಸು ಹಾಕಿದ ಮೇಲೆ ತೆಗೆದುಕೊಂಡ ಗೇಣಿಗೆ ಮಾತ್ರ ಇದು ಅನ್ವಯ ಆಗುವುದಿಲ್ಲ. ಇಲ್ಲಿ ಕೇಸೇ ಇರಲಿಲ್ಲ. ಅಂದರೆ 1979ರ ಮಾರಾಟದ ತಪ್ಪು ಅಲ್ಲಿಗೆ ತೀರಿತು. ಆದರೆ ಒಪ್ಪಿಗೆಯ ಷರತ್ತು ಮುಂದಿನ ಮಾರಾಟಕ್ಕೆ ಹಾಗೇ ಉಳಿಯುತ್ತದೆ. ಅಕ್ಕನ ಸ್ವಾಧೀನ ಗಟ್ಟಿ, ಮಾರುವ ಹಕ್ಕು ಮಾತ್ರ ಇನ್ನೂ ಬೀಗದೊಳಗೆ.

ನಮ್ಮ ಪರಿಚಯದ ವಕೀಲರು ಈ ಚೀಟಿಗಳ ನಕಲು ಸೇರಿಸಿ ಒಂದು ಪತ್ರ ಕಳಿಸಿದ ಮೇಲೆ ಅರ್ಧದ ಮಾತು ನಿಂತಿತು. ಒಪ್ಪಿಗೆಗೆ ಎಂಟು ಲಕ್ಷ ಅಂತ ಕೆಳಗೆ ಬಂದರು.

ಇಲ್ಲಿಂದ ಲೆಕ್ಕ ನೋಡಿ. ಮೂಲಗೇಣಿಯಾಗಿ ಕೊಳ್ಳುವ ಗಿರಾಕಿ ಐದು ಸೆಂಟ್ಸಿಗೆ ಕೊಡಲು ತಯಾರಿದ್ದದ್ದು ಮೂವತ್ತೆರಡು ಲಕ್ಷ. ಯಾಕೆ ಕಡಿಮೆ ಅಂದರೆ, ನಾಳೆ ಅವನು ಮಾರುವಾಗಲೂ ಇದೇ ಮನೆಯ ಜಗಲಿಗೆ ಬರಬೇಕು. ಆ ಕಷ್ಟದ ಬೆಲೆಯನ್ನು ಅವನು ಇವತ್ತೇ ಅಕ್ಕನ ಪಾಲಿನಿಂದ ಕಳೆಯುತ್ತಾನೆ. ಮೂವತ್ತೆರಡರಲ್ಲಿ ಒಪ್ಪಿಗೆಗೆ ಎಂಟು ಹೋದರೆ ಅಕ್ಕನಿಗೆ ಇಪ್ಪತ್ತನಾಲ್ಕು.

ನಾವು ಬೇರೆ ದಾರಿ ಕೇಳಿದೆವು. ‘ನಿಮ್ಮ ಒಪ್ಪಿಗೆ ಬೇಡ. ನಿಮ್ಮ ಮೂಲಿ ಹಕ್ಕನ್ನೇ ಮಾರಿ. ಅದಕ್ಕೆ ಎಷ್ಟು?’ ಅವರಿಗೆ ಆ ಮೂಲಿ ಹಕ್ಕಿನಿಂದ ಬರುತ್ತಿದ್ದದ್ದು ವರ್ಷಕ್ಕೆ ಆರು ರೂಪಾಯಿ, ಮತ್ತೆ ಯಾರಾದರೂ ಮಾರುವಾಗ ಸಿಗುವ ಹಣ. ಚೌಕಾಸಿ ಆಗಿ ಒಂಬತ್ತು ಲಕ್ಷಕ್ಕೆ ಒಪ್ಪಿದರು. ಒಪ್ಪಿಗೆಗೆ ಎಂಟು, ಮೂಲಿಗೆ ಒಂಬತ್ತು. ಒಂದೇ ಲಕ್ಷದ ಅಂತರ. ಆದರೆ ಒಪ್ಪಿಗೆ ಒಂದು ಮಾರಾಟಕ್ಕೆ ಮಾತ್ರ. ಮೂಲಿ ಹಕ್ಕು ಬಂದರೆ ಮೇಲಿನ ಪದರ ಕೆಳಗಿನ ಪದರ ಒಬ್ಬನ ಕೈಯಲ್ಲಿ ಸೇರಿ, ಗೇಣಿಯೇ ಮುಗಿದುಹೋಗುತ್ತದೆ. 111ನೇ ಕಲಂ. ಷರತ್ತೂ ಅದರ ಜೊತೆಗೇ ಮಣ್ಣಾಗುತ್ತದೆ.

ಕಷ್ಟ ಎಂತ ಅಂದರೆ ಅಕ್ಕನ ಹತ್ತಿರ ಒಂಬತ್ತು ಲಕ್ಷ ಇರಲಿಲ್ಲ. ಮೊದಲು ಮೂಲಿ ಕೊಂಡು ಆಮೇಲೆ ಮಾರುವುದಾದರೆ ಸ್ಟಾಂಪು, ನೋಂದಣಿ ಖರ್ಚೂ ಎರಡು ಸಲ. ವಕೀಲರು ಒಂದೇ ಕ್ರಯಪತ್ರ ಮಾಡಿದರು. ಮಾರುವವರ ಜಾಗದಲ್ಲಿ ಮೂಲಿದಾರರೂ ಅಕ್ಕನೂ ಇಬ್ಬರೂ. ಮೂಲಿದಾರರು ಮೂಲಿ ಹಕ್ಕನ್ನು, ಅಕ್ಕ ಮೂಲಗೇಣಿ ಹಕ್ಕನ್ನು, ಒಟ್ಟಿಗೆ ಒಬ್ಬನೇ ಗಿರಾಕಿಗೆ ಮಾರಿದ ಹಾಗೆ. ಯಾರಿಗೆ ಎಷ್ಟು ಅಂತ ಪತ್ರದಲ್ಲೇ ಬರೆದು, ನೋಂದಣಿ ದಿನ ಎರಡು ಡಿಡಿ. ಗಿರಾಕಿಗೆ ಪೂರ್ತಿ ಒಡೆತನ ಸಿಗುವುದರಿಂದ ಬ್ಯಾಂಕು ಸಾಲ ಕೊಟ್ಟಿತು, ಅವನು ಮೂವತ್ತೆಂಟು ಲಕ್ಷಕ್ಕೆ ಏರಿದ. ಒಂಬತ್ತು ಅವರಿಗೆ, ಇಪ್ಪತ್ತೊಂಬತ್ತು ಅಕ್ಕನಿಗೆ.

ಒಂದು ಎಚ್ಚರಿಕೆ ಇಲ್ಲಿ ಹೇಳಬೇಕು. ಮೊಮ್ಮಗ ಒಬ್ಬರ ಸಹಿ ಸಾಕಾಗುವುದಿಲ್ಲ. ಚೀಟು ಕೊಟ್ಟವರ ವಾರಸುದಾರರೆಲ್ಲ ಮೂಲಿದಾರರೇ. ನಮ್ಮಲ್ಲಿ ಹಾಗೆ ಏಳು ಜನ. ಇಬ್ಬರು ಮುಂಬೈ, ಒಬ್ಬರು ಗಲ್ಫ್. ಕುಟುಂಬದ ಪಾಲುಪಟ್ಟಿ ನೋಡಿ, ಈ ಸರ್ವೆ ನಂಬ್ರ ಯಾರ ಪಾಲಿಗೆ ಬಂದಿದೆ ಅಂತ ಖಾತ್ರಿ ಮಾಡಿಯೇ ಹಣ ಕೊಡಬೇಕು. ನಮಗೆ ಇದಕ್ಕೇ ನಾಲ್ಕು ತಿಂಗಳು ಹೋಯ್ತು. ಆ ನಾಲ್ಕು ತಿಂಗಳೂ ಡಯಾಲಿಸಿಸ್ ಬಿಲ್ಲು ನಿಲ್ಲಲಿಲ್ಲ.

‘ಇದಕ್ಕೆಲ್ಲ ಕಾನೂನು ಇಲ್ಲವಾ?’ ಅಂತ ಕೇಳುವಿರಿ. 1974ರ ಭೂಸುಧಾರಣೆ ತಿದ್ದುಪಡಿ ‘ಉಳುವವನೇ ಒಡೆಯ’ ಅಂದಿತು. ಆದರೆ ಅದು ಕೃಷಿ ಭೂಮಿಗೆ. ಗದ್ದೆಯ ಗೇಣಿದಾರ ಒಡೆಯನಾದ, ಸಿಟಿಯ ಮನೆಯಡಿ ಜಾಗದ ಗೇಣಿದಾರ ಗೇಣಿದಾರನಾಗಿಯೇ ಉಳಿದ. ಅದನ್ನು ಸರಿಮಾಡಲಿಕ್ಕೆ 2011ರಲ್ಲಿ ನಮ್ಮ ಎರಡು ಜಿಲ್ಲೆಗೆಂದೇ ಮೂಲಗೇಣಿ, ಒಳಮೂಲಗೇಣಿದಾರರಿಗೆ ಒಡೆತನ ಕೊಡುವ ಕಾಯ್ದೆ ಮಾಡಿದರು. ಗೇಣಿದಾರ ಅರ್ಜಿ ಹಾಕಿ, ಮೂಲಿದಾರರಿಗೆ ಪರಿಹಾರ ಕಟ್ಟಿ ಮಾಲೀಕ ಆಗುವ ದಾರಿ. ಮೂಲಿದಾರರು ಅದನ್ನು ಹೈಕೋರ್ಟಿನಲ್ಲಿ ಪ್ರಶ್ನೆ ಮಾಡಿದರು. ಮನೆಯಲ್ಲಿ ರೋಗಿ ಇರುವ ಅಕ್ಕನಿಗೆ ಕಚೇರಿ, ಕೋರ್ಟು ಅಂತ ಅಲೆಯುವಷ್ಟು ಸಮಯ ಇರಲಿಲ್ಲ. ಮಾರುವ ಗಡಿಬಿಡಿ ಇಲ್ಲದವರು ಮಾತ್ರ ಈ ಕಾಯ್ದೆಯ ಇವತ್ತಿನ ಸ್ಥಿತಿ ಏನು ಅಂತ ವಕೀಲರ ಹತ್ತಿರ ಕೇಳಿ ಆ ದಾರಿಯನ್ನೇ ಮೊದಲು ನೋಡಿ.

ಈ ಕಥೆಯನ್ನು ನಮ್ಮ ಸಭೆಯಲ್ಲಿ ಹೇಳಿದಾಗ ಒಬ್ಬ ಹುಡುಗ ಎದ್ದು ನಿಂತು ಕೇಳಿದ: ‘ಅಣ್ಣಾ, ಹಾಗಾದ್ರೆ ನಮ್ಮ ಪಿಟಿಸಿಎಲ್ ಕಾಯ್ದೆಯೂ ಇಂಥದ್ದೇ ಬೀಗ ಅಲ್ವಾ? ನಮ್ಮ ಅಜ್ಜನಿಗೆ ಸರ್ಕಾರ ಕೊಟ್ಟ ಜಾಗ. ಮಾಲೀಕರು ನಾವೇ. ಮಾರಲಿಕ್ಕೆ ಹೋದ್ರೆ ಸರ್ಕಾರದ ಅನುಮತಿ ಬೇಕು ಅಂತಾರೆ. ಬೇರೆಯವರ ಜಾಗಕ್ಕಿಂತ ನಮ್ಮದಕ್ಕೆ ರೇಟೂ ಕಡಿಮೆ. ಇದೆಂತ ಒಡೆತನ?’

ಪ್ರಶ್ನೆ ನ್ಯಾಯದ್ದೇ. ಹೌದು, ಅದೂ ಬೀಗವೇ. ಡಿ.ಸಿ. ಮನ್ನಾ ಜಾಗ ಇರಲಿ, ದರ್ಖಾಸ್ತು ಇರಲಿ, ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಭೂಮಿ 1978ರ ಪಿಟಿಸಿಎಲ್ ಕಾಯ್ದೆಯೊಳಗೆ ಬರುತ್ತದೆ. ಮಂಜೂರಾತಿಯ ಷರತ್ತು ಮುರಿದು ಮಾರಿದರೆ ಆ ಮಾರಾಟಕ್ಕೆ ಬೆಲೆ ಇಲ್ಲ. ಕಾಯ್ದೆ ಬಂದ ಮೇಲೆ ಸರ್ಕಾರದ ಮುಂಚಿತ ಅನುಮತಿ ಇಲ್ಲದೆ ಮಾರಿದರೂ ಬೆಲೆ ಇಲ್ಲ. ಸಹಾಯಕ ಆಯುಕ್ತರು ಜಾಗ ಬಿಡಿಸಿ ಮೂಲ ಮಂಜೂರಿದಾರನಿಗೆ ಅಥವಾ ಅವನ ವಾರಸುದಾರರಿಗೆ ವಾಪಸ್ ಕೊಡಬೇಕು. 2023ರ ತಿದ್ದುಪಡಿಯ ಪ್ರಕಾರ ಈ ಅರ್ಜಿಗೆ ಕಾಲಮಿತಿಯೂ ಇಲ್ಲ.

ಬ್ರೋಕರುಗಳು ಹೇಳುವ ಒಂದು ಸುಳ್ಳನ್ನು ಇಲ್ಲಿ ಬಯಲು ಮಾಡಬೇಕು. ‘ಕ್ರಯಪತ್ರ ಬೇಡ, ಅಗ್ರಿಮೆಂಟು ಮಾಡುವ, ಒಂದು ಜಿಪಿಎ ಬರೆದು ಕೊಡಿ, ಪರ್ಮಿಶನ್ ಆಮೇಲೆ ನಾವೇ ಮಾಡಿಸ್ತೇವೆ’ ಅನ್ನುತ್ತಾರೆ. ಆ ಕಾಯ್ದೆಯಲ್ಲಿ ಹಸ್ತಾಂತರ ಅಂದರೆ ಮಾರುವ ಕರಾರೂ ಸೇರಿದೆ. ಅಡವು, ಗೇಣಿ ಕೂಡಾ. ಅಂದರೆ ಅಗ್ರಿಮೆಂಟೂ ಅಷ್ಟೇ ಅಸಿಂಧು. ಅವರು ಅದನ್ನು ಬರೆಸಿಕೊಳ್ಳುವುದು ನಿಮ್ಮ ಜಾಗವನ್ನು ಕಾಲು ಭಾಗದ ಬೆಲೆಗೆ ಹಿಡಿದಿಡಲಿಕ್ಕೆ. ಅನುಮತಿ ಸಿಕ್ಕಿದರೆ ಲಾಭ ಅವರಿಗೆ, ಸಿಗದಿದ್ದರೆ ಕೊಟ್ಟ ಮುಂಗಡಕ್ಕೆ ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ. ನಿಜವಾಗಿ ಮಾರುವ ಅಗತ್ಯ ಇದ್ದರೆ ಅನುಮತಿ ಮೊದಲು, ಕರಾರು ಆಮೇಲೆ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಬೀಗ ನೋಡಿ ಸಿಟ್ಟಾಗಬೇಡ ತಮ್ಮಾ, ಕೀಲಿಕೈ ಯಾರ ಹತ್ತಿರ ಉಂಟು, ಯಾರಿಗಾಗಿ ಉಂಟು ನೋಡು. ಮೂಲಗೇಣಿಯ ಬೀಗ ಹಾಕಿದ್ದು ಧಣಿ, ಕೀಲಿಕೈ ಧಣಿಯ ಹತ್ತಿರ, ತೆಗೆದಾಗ ಬರುವ ಹಣವೂ ಧಣಿಗೆ. ಅಕ್ಕನ ಅಪ್ಪ ಕಟ್ಟಿದ ಗೋಡೆಯ ಬೆಲೆಯಲ್ಲಿ ಅವರಿಗೆ ಒಂಬತ್ತು ಲಕ್ಷ ಹೋಯ್ತು. ಪಿಟಿಸಿಎಲ್ ಬೀಗ ಇರುವುದು ನಿನ್ನ ಅಜ್ಜ ಒಂದು ಮದುವೆಯ ಸಾಲಕ್ಕೆ, ಒಂದು ಬಾಟ್ಲಿಗೆ, ಒಂದು ಬೆದರಿಕೆಗೆ ಹೆಬ್ಬೆಟ್ಟು ಒತ್ತಿದರೂ ಜಾಗ ನಿನಗೆ ವಾಪಸ್ ಬರಲಿ ಅಂತ. ಬೀಗ ಇಲ್ಲದಿದ್ದರೆ ರೇಟು ಜಾಸ್ತಿ ಇರುತ್ತಿತ್ತು, ನಿಜ. ಆದರೆ ಆ ಜಾಗ ನಿನ್ನ ಹೆಸರಲ್ಲಿ ಇವತ್ತಿನವರೆಗೆ ಉಳಿಯುತ್ತಿತ್ತಾ?

ಅನುಮತಿ ಕೊಡುವ ಕಚೇರಿಗಳು ವರ್ಷಗಟ್ಟಲೆ ಫೈಲು ಇಟ್ಟುಕೊಳ್ಳುವುದು, ಆಸ್ಪತ್ರೆ ಖರ್ಚಿಗೆ ಮಾರುವವನನ್ನೂ ಅಲೆಸುವುದು, ಅದು ಬೇರೆ ಜಗಳ. ಆ ಜಗಳ ನಾವು ಮಾಡಲೇಬೇಕು. ಕೀಲಿಕೈ ತುಕ್ಕು ಹಿಡಿದಿದೆ ಅಂತ ಬಾಗಿಲನ್ನೇ ಕಿತ್ತು ಕೊಡಲಿಕ್ಕೆ ಆಗುವುದಿಲ್ಲ.

ಕೊನೆಗೆ ಒಂದು ಕೆಲಸ. ಈ ಭಾನುವಾರ ಮನೆಯ ಕಪಾಟು ತೆಗೆಯಿರಿ. ಜಾಗದ ಪತ್ರದಲ್ಲಿ ‘ಮೂಲಗೇಣಿ ಹಕ್ಕು’ ಅಂತ ಇದೆಯಾ, ‘ಮೂಲಿ ಹಕ್ಕು’ ಅಂತ ಇದೆಯಾ, ‘ಮಂಜೂರಾತಿ’ ಅಂತ ಇದೆಯಾ ನೋಡಿ. ಪಹಣಿಯಲ್ಲಿ ಮಾಲೀಕರ ಕಾಲಂನಲ್ಲಿ ನಿಮ್ಮ ಹೆಸರಿದೆಯಾ, ಅಥವಾ ಧಣಿಯ ಹೆಸರಿದ್ದು ನಿಮ್ಮದು ಹಕ್ಕುಗಳ ಕಾಲಂನಲ್ಲಿ ಇದೆಯಾ ನೋಡಿ. ಮೂಲಗೇಣಿ ಆದರೆ ಹಳೆ ಚೀಟಿನ ನಕಲು ಈಗಲೇ ತೆಗೆಸಿ, ಮಾರುವ ಯೋಚನೆ ಇಲ್ಲದಿದ್ದರೂ ತೆಗೆಸಿ. ಗೇಣಿ ಬಾಕಿ ಇದ್ದರೆ ಗುರುತು ಉಳಿಯುವ ಹಾಗೆ ಬ್ಯಾಂಕ್ ಮೂಲಕ ಕಟ್ಟಿ. ಮನೆಯಲ್ಲಿ ಕಾಯಿಲೆ ಬಂದ ಮೇಲೆ ಹುಡುಕಲಿಕ್ಕೆ ಹೊರಟರೆ ಚೌಕಾಸಿ ಮಾಡುವ ಶಕ್ತಿ ಇರುವುದಿಲ್ಲ. ಎದುರಿನವನಿಗೆ ಅದು ಗೊತ್ತಿರುತ್ತದೆ.

ಅಕ್ಕ ಈಗ ಊರಿನ ಹೊರಗೆ ಮೂರು ಸೆಂಟ್ಸಿನ ಸಣ್ಣ ಮನೆ ತೆಗೆದುಕೊಂಡಿದ್ದಾರೆ. ನೋಂದಣಿ ದಿನ ನನಗೆ ಫೋನ್ ಮಾಡಿ ಮೊದಲು ಕೇಳಿದ್ದು, ‘ತಮ್ಮಾ, ಇದು ಮೂಲಿಯೇ ಅಲ್ವಾ? ಇನ್ನೊಂದು ಸಲ ಓದಿ ಹೇಳು’ ಅಂತ. ಓದಿ ಹೇಳಿದೆ. ಮೂಲಿಯೇ. ಬಿಸ್ಕತ್ತು ಡಬ್ಬವನ್ನು ಅವರು ಬಿಸಾಡಲಿಲ್ಲ. ಹೊಸ ಮನೆಯ ಕಾಗದವನ್ನೂ ಅದರೊಳಗೇ ಇಟ್ಟಿದ್ದಾರೆ.

ಜೈ ಭೀಮ್.